ಆಮ್ಲ–ಪ್ರತ್ಯಾಮ್ಲ ಪಟ್ಟಿಯಲ್ಲಿ ‘ಬಲ’ದ ಕಾಲಂ ಹೇಗೆ ತುಂಬಬೇಕು? ಸುಣ್ಣದ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ

ಶಿಡ್ಲಘಟ್ಟದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿ ಮಕ್ಕಳಿಗಾಗಿ ಲ್ಯಾಬ್ ಗೋಡೆಗೆ ಅಂಟಿಸಲು ಒಂದು ಪಟ್ಟಿ ಮಾಡುತ್ತಿದ್ದೇನೆ. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಆಮ್ಲ, ಪ್ರತ್ಯಾಮ್ಲಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಇಲ್ಲಿಯವರೆಗೆ ಆಗಿರುವುದು ಇಷ್ಟು:

| ಹೆಸರು | ಸೂತ್ರ | ಬಲ | ಎಲ್ಲಿ ಬಳಸುತ್ತೇವೆ | ಎಚ್ಚರಿಕೆ |
|---|---|---|---|---|
| ಹೈಡ್ರೋಕ್ಲೋರಿಕ್ ಆಮ್ಲ | HCl | ಪ್ರಬಲ | ಬಾತ್‌ರೂಮ್ ಆಸಿಡ್ | ಮೈಗೆ ತಾಗಬಾರದು |
| ಸಲ್ಫ್ಯೂರಿಕ್ ಆಮ್ಲ | H₂SO₄ | ಪ್ರಬಲ | ಗಾಡಿ, ಯುಪಿಎಸ್ ಬ್ಯಾಟರಿ | ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ |
| ಅಸಿಟಿಕ್ ಆಮ್ಲ | CH₃COOH | ದುರ್ಬಲ | ವಿನೆಗರ್ | ಅಪಾಯವಿಲ್ಲ |
| ಸಿಟ್ರಿಕ್ ಆಮ್ಲ | C₆H₈O₇ | ದುರ್ಬಲ | ನಿಂಬೆಹಣ್ಣು | ಅಪಾಯವಿಲ್ಲ |
| ಕಾಸ್ಟಿಕ್ ಸೋಡಾ | NaOH | ಪ್ರಬಲ | ಸೋಪು ತಯಾರಿಕೆ, ಕಟ್ಟಿಕೊಂಡ ಪೈಪು | ಕಣ್ಣಿಗೆ ಬಹಳ ಅಪಾಯ |
| ಸುಣ್ಣ | Ca(OH)₂ | ದುರ್ಬಲ? | ಎಲೆ ಅಡಿಕೆ, ಗೋಡೆ, ರೇಷ್ಮೆ ಹುಳದ ಮನೆ | ? |
| ಅಮೋನಿಯಾ | NH₃ | ದುರ್ಬಲ | ಗಾಜು ಒರೆಸುವ ದ್ರವ | ವಾಸನೆ ಕುಡಿಯಬಾರದು |
| ಅಡುಗೆ ಸೋಡಾ | NaHCO₃ | ದುರ್ಬಲ | ಬಜ್ಜಿ, ಹೊಟ್ಟೆಯುರಿ | ಅಪಾಯವಿಲ್ಲ |

ಸುಣ್ಣದ ಸಾಲಿಗೆ ಬಂದು ನಿಂತುಬಿಟ್ಟೆ. ನೀರಲ್ಲಿ ಹೆಚ್ಚು ಕರಗುವುದಿಲ್ಲ ಅಂತ ‘ದುರ್ಬಲ’ ಎಂದು ಬರೆದೆ. ಅದನ್ನು ನೋಡಿ ಒಬ್ಬ ಹುಡುಗ, "ಸರ್, ನಮ್ಮಪ್ಪನ ಕಣ್ಣಿಗೆ ಹೋದದ್ದು ಇದೇ ಸುಣ್ಣ, ಇನ್ನೂ ಆ ಕಣ್ಣು ಮಂಜು" ಎಂದ. ಅಲ್ಲಿಂದ ಚಾರ್ಟನ್ನು ಮುಟ್ಟಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಮುಳಬಾಗಿಲು ಬಣ್ಣದಂಗಡಿ:

ಮೇಷ್ಟ್ರೇ, ನೀವು ಬರೆದದ್ದೇ ಸರಿ. ಸುಣ್ಣ ಅಷ್ಟೇನೂ ಜೋರಿಲ್ಲ. ಇಪ್ಪತ್ತು ವರ್ಷದಿಂದ ಮಾರುತ್ತಿದ್ದೇನೆ, ಗೋಡೆಗೆ ಬಳಿಯುವವರು ಬರಿಗೈಯಲ್ಲೇ ಕಲಸುತ್ತಾರೆ. ಕೈ ಒಡೆಯುತ್ತದೆ, ಅಷ್ಟೇ. ಕಾಸ್ಟಿಕ್ ಆಗಿದ್ದರೆ ಹಾಗೆ ಕಲಸೋಕೆ ಆಗುತ್ತಾ? ಅರಳಿಸದ ಸುಟ್ಟ ಸುಣ್ಣದ ಕಲ್ಲು ಬೇರೆ, ಅದಕ್ಕೆ ನೀರು ಹಾಕಿದರೆ ಕುದಿಯುತ್ತದೆ, ಅದರ ಹತ್ತಿರ ಹೋಗಬಾರದು. ಕಣ್ಣಿಗೆ ಬಿದ್ದರೆ ನಿಂಬೆರಸದ ನೀರು ಹಾಕಿದರೆ ಸರಿಹೋಗುತ್ತದೆ. ಹುಳಿ ಸುಣ್ಣವನ್ನು ಮುರಿಯುತ್ತದಲ್ವಾ?

ತುಮಕೂರಿನ ಲ್ಯಾಬ್ ಮೇಡಂ:

ಅಣ್ಣ, ಕಲ್ಲು ಸುಣ್ಣಕ್ಕೆ ನೀರು ಹಾಕಿದರೆ ಕುದಿಯುತ್ತದೆ ಎಂದಿರಲ್ಲ, ಅದು ನಿಜ. ನಿಂಬೆರಸದ ಮಾತು ಮಾತ್ರ ಯಾರೂ ಮಾಡಬೇಡಿ. ಯಾಕೆ ಅಂತ ಆಮೇಲೆ ಬರೆಯುತ್ತೇನೆ. ಮೊದಲು ಮೇಷ್ಟ್ರ ಪ್ರಶ್ನೆ.

ಮೇಷ್ಟ್ರೇ, ಸುಣ್ಣ ಪ್ರಬಲ ಪ್ರತ್ಯಾಮ್ಲ. ‘ಬಲ’ ಎಂಬ ಮಾತು ಎಷ್ಟು ಕರಗಿತು ಎಂಬುದನ್ನು ಹೇಳುವುದಿಲ್ಲ. ಕರಗಿದ್ದರಲ್ಲಿ ಎಷ್ಟು ಭಾಗ ಬಿಡಿಬಿಡಿಯಾಗಿ ಅಯಾನು ಆಯಿತು ಎಂಬುದನ್ನು ಹೇಳುತ್ತದೆ. ಒಂದು ಲೀಟರ್ ನೀರಲ್ಲಿ ಸುಣ್ಣ ಕರಗುವುದು ಸುಮಾರು 1.7 ಗ್ರಾಂ ಮಾತ್ರ, ಒಂದು ಚಿಟಿಕೆಗಿಂತ ಸ್ವಲ್ಪ ಜಾಸ್ತಿ. ಆದರೆ ಕರಗಿದ್ದೆಲ್ಲ ಹೆಚ್ಚುಕಡಿಮೆ ಪೂರ್ತಿ ಒಡೆಯುತ್ತದೆ. ಹಾಗಾಗಿ ತಿಳಿಯಾದ ಸುಣ್ಣದ ನೀರಿನ ಪಿಎಚ್ ಕೂಡ 12ರ ಮೇಲೆಯೇ ಇರುತ್ತದೆ. ಅಡುಗೆ ಸೋಡಾದ ನೀರು ಸುಮಾರು 8.3. ಈ ಎರಡನ್ನೂ ಒಂದೇ ‘ದುರ್ಬಲ’ದ ಗುಂಪಿಗೆ ಸೇರಿಸಿದರೆ ಮಕ್ಕಳು ಎರಡನ್ನೂ ಒಂದೇ ತರಹ ಮುಟ್ಟುತ್ತಾರೆ.

ಕಣ್ಣಿನ ವಿಷಯದಲ್ಲಿ ಅದರ ಕಡಿಮೆ ಕರಗುವ ಗುಣವೇ ಕೆಟ್ಟದ್ದು. ಕಾಸ್ಟಿಕ್ ನೀರು ಕಣ್ಣಿಗೆ ಹಾರಿದರೆ ಅದೇ ಒಂದು ದೊಡ್ಡ ಪೆಟ್ಟು, ಆದರೆ ತೊಳೆದಷ್ಟೂ ತೆಳುವಾಗುತ್ತಾ ಹೋಗುತ್ತದೆ. ಸುಣ್ಣ ಹಾಗಲ್ಲ. ಪುಡಿಯ ಕಣ ರೆಪ್ಪೆಯ ಒಳಗೆ ಅಂಟಿ ಕೂರುತ್ತದೆ. ಕಣ್ಣೀರು ಸ್ವಲ್ಪ ಕರಗಿಸುತ್ತದೆ, ಅದು ಹರಿದುಹೋಗುತ್ತದೆ, ಕಣ ಮತ್ತೆ ಸ್ವಲ್ಪ ಬಿಡುತ್ತದೆ. ಆ ಕಣ ಅಲ್ಲೇ ಇರುವವರೆಗೆ ಕಣ್ಣು ಆ 12ರ ಪಿಎಚ್‌ನಲ್ಲೇ ನೆನೆಯುತ್ತಿರುತ್ತದೆ.

ಹುಳು ಸಾಕುವವ, ಚಿಕ್ಕಬಳ್ಳಾಪುರ ಜಿಲ್ಲೆ:

ಮೇಡಂ, ನೀವು ಬರೆದದ್ದು ಓದಿ ಕೈ ನಡುಗಿತು. ಇದು ನನಗೇ ಆಗಿದೆ.

ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಉಳಿದ ಸೊಪ್ಪು ಒಣಗಬೇಕು, ಹಾಸಿಗೆ ತೇವ ಇರಬಾರದು ಅಂತ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ತಟ್ಟುತ್ತಾ ಹೋಗುವುದು ನಮ್ಮ ರೂಢಿ. ಎರಡು ವರ್ಷದ ಹಿಂದೆ ಮೇಲಿನ ತಟ್ಟೆಗೆ ಕೈಯೆತ್ತಿ ತಟ್ಟುವಾಗ ಗಂಟು ಬಿಚ್ಚಿ ಎಡಗಣ್ಣಿಗೆ ಬಿತ್ತು. ಟವಲ್‌ನಲ್ಲಿ ಉಜ್ಜಿದೆ. ಅಮ್ಮ ಹರಳೆಣ್ಣೆ ಬಿಟ್ಟರು. ಉರಿ ಸ್ವಲ್ಪ ಇಳಿಯಿತು ಅಂತ ಹುಳಕ್ಕೆ ಸೊಪ್ಪು ಹಾಕಿ ಮುಗಿಸಿದೆ, ಮೂರು ಗಂಟೆ ಆದ ಮೇಲೆ ಆಸ್ಪತ್ರೆಗೆ ಹೋದೆ. ಅಲ್ಲಿ ರೆಪ್ಪೆ ಮಗುಚಿ ಹತ್ತಿ ಕಡ್ಡಿಯಲ್ಲಿ ಬಿಳಿ ಚೂರು ತೆಗೆದರು. ಮೂರು ಗಂಟೆ ಆ ಚೂರು ಅಲ್ಲೇ ಇತ್ತು. ಈಗ ಆ ಕಣ್ಣಿಗೆ ಬೆಳಕಿನ ಸುತ್ತ ಮಂಜು ಕಾಣುತ್ತದೆ. ಮೇಷ್ಟ್ರು ಹೇಳಿದ ಹುಡುಗನ ಅಪ್ಪ ನಾನಲ್ಲ, ಆದರೆ ನಮ್ಮ ಕಡೆ ಇಂಥವರು ಒಬ್ಬಿಬ್ಬರಲ್ಲ.

ಆ ದಿನ ಏನು ಮಾಡಬೇಕಿತ್ತು ಅಂತ ದಯವಿಟ್ಟು ಸರಿಯಾಗಿ ಬರೆಯಿರಿ. ಹುಳದ ಮನೆಯ ಬಾಗಿಲಿಗೇ ಅಂಟಿಸುತ್ತೇನೆ.

ತುಮಕೂರಿನ ಲ್ಯಾಬ್ ಮೇಡಂ:

ಅಣ್ಣ, ಓದಿ ಬೇಜಾರಾಯಿತು. ಬರೆಯುತ್ತೇನೆ.

ಕಣ್ಣು ಉಜ್ಜಬಾರದು. ಉಜ್ಜಿದರೆ ಕಣ ಇನ್ನೂ ಒಳಗೆ ಕೂರುತ್ತದೆ. ಮುಖದ ಮೇಲಿನ ಒಣ ಪುಡಿಯನ್ನು ಕೊಡವಿಕೊಂಡು ತಕ್ಷಣ ನೀರಿಗೆ ಹೋಗಬೇಕು. ಕೊಳಾಯಿ ಇರಲಿ, ಕೊಡ ಇರಲಿ, ಕುಡಿಯುವ ನೀರಿನ ಬಾಟಲಿ ಇರಲಿ, ಯಾವುದು ಹತ್ತಿರವೋ ಅದು. ತಲೆಯನ್ನು ಪೆಟ್ಟಾದ ಕಣ್ಣಿನ ಕಡೆಗೆ ವಾಲಿಸಬೇಕು, ಆಗ ನೀರು ಇನ್ನೊಂದು ಕಣ್ಣಿಗೆ ಹರಿಯುವುದಿಲ್ಲ. ರೆಪ್ಪೆಯನ್ನು ಬೆರಳಲ್ಲಿ ಬಿಡಿಸಿ ಹಿಡಿಯಬೇಕು. ಉರಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಇನ್ನೊಬ್ಬರು ಹಿಡಿದುಕೊಂಡರೆ ಒಳ್ಳೆಯದು. ಕಣ್ಣನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೊರಳಿಸುತ್ತಾ ಗಡಿಯಾರ ನೋಡಿ ಕನಿಷ್ಠ 20 ನಿಮಿಷ ತೊಳೆಯಬೇಕು. ಸುಣ್ಣವಾದರೆ ಅರ್ಧ ಗಂಟೆಯಾದರೂ ಜಾಸ್ತಿಯಲ್ಲ. ಉರಿ ಇಳಿಯಿತು ಅಂತ ನಿಲ್ಲಿಸಬಾರದು. ತೊಳೆದ ಮೇಲೆ ಕಣ್ಣಿನ ಡಾಕ್ಟರ ಬಳಿ ಹೋಗಲೇಬೇಕು. ರೆಪ್ಪೆಯ ಒಳಮಡಿಕೆಯಲ್ಲಿ ಕೂತ ಚೂರನ್ನು ತೆಗೆಯುವುದು ಅವರ ಕೆಲಸ. ಅಲ್ಲಿ ಲಿಟ್ಮಸ್‌ನಂಥ ಕಾಗದದಲ್ಲಿ ಕಣ್ಣೀರಿನ ಪಿಎಚ್ ನೋಡಿ, 7ರ ಹತ್ತಿರ ಬರುವವರೆಗೆ ಮತ್ತೆ ತೊಳೆಯುತ್ತಾರೆ.

ಹರಳೆಣ್ಣೆ, ತುಪ್ಪ, ಹಾಲು ಯಾವುದೂ ಬೇಡ. ಎಣ್ಣೆ ಹಾಕಿದರೆ ಕಣ ಅದರಡಿಯಲ್ಲಿ ಉಳಿಯುತ್ತದೆ, ಮೇಲಿಂದ ಬಿಟ್ಟ ನೀರೂ ಸರಿಯಾಗಿ ತಾಗುವುದಿಲ್ಲ.

ಈಗ ಅಂಗಡಿ ಅಣ್ಣನ ನಿಂಬೆರಸ. ಹುಳಿ ಸುಣ್ಣವನ್ನು ಮುರಿಯುತ್ತದೆ, ಅದು ಗಾಜಿನ ಲೋಟದಲ್ಲಿ ನಿಜ. ಕಣ್ಣಲ್ಲಿ ಎಷ್ಟು ಸುಣ್ಣವಿದೆ ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ಎಷ್ಟು ಹುಳಿ ಹಾಕಬೇಕು ಅಂತಲೂ ಗೊತ್ತಿಲ್ಲ. ಆಮ್ಲ, ಪ್ರತ್ಯಾಮ್ಲ ಕೂಡಿದಾಗ ಬಿಸಿ ಏಳುತ್ತದೆ. ಹೆಚ್ಚಾದ ನಿಂಬೆರಸ ಆಗಲೇ ಬೆಂದ ಕಣ್ಣನ್ನು ಮತ್ತೆ ಸುಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿಂಬೆಹಣ್ಣು ಹುಡುಕುವ ಎರಡು ನಿಮಿಷವೇ ಕಣ್ಣನ್ನು ಕಳೆಯುವ ಎರಡು ನಿಮಿಷ. ಆಮ್ಲ ತಾಗಿದರೆ ಮೇಲಿನ ಪದರ ಹೆಪ್ಪುಗಟ್ಟಿ ಒಂದು ಮಟ್ಟಿಗೆ ತಡೆಯಾಗುತ್ತದೆ. ಪ್ರತ್ಯಾಮ್ಲ ಅಂಗಾಂಶದ ಕೊಬ್ಬನ್ನು ಸೋಪು ಮಾಡಿ ಕರಗಿಸುತ್ತಾ ಒಳಗೆ ಇಳಿಯುತ್ತಲೇ ಹೋಗುತ್ತದೆ.

ಮುಳಬಾಗಿಲು ಬಣ್ಣದಂಗಡಿ:

ನಿಂಬೆರಸದ ಮಾತು ವಾಪಸ್ ತೆಗೆದುಕೊಂಡೆ ಮೇಡಂ. ನಮ್ಮ ತಾತ ಹೇಳುತ್ತಿದ್ದರು ಅಂತ ಬರೆದೆ. ಒಂದು ಸಂಶಯ. ಸುಣ್ಣ ಅಷ್ಟು ಪ್ರಬಲವಾದರೆ ಎಲೆ ಅಡಿಕೆಗೆ ಹಚ್ಚಿ ತಿನ್ನುತ್ತೇವಲ್ಲ?

ತುಮಕೂರಿನ ಲ್ಯಾಬ್ ಮೇಡಂ:

ಹಚ್ಚುವುದು ಬೆರಳ ತುದಿಯಷ್ಟು. ಅದರ ಜೊತೆ ಎಲೆಯಿದೆ, ಅಡಿಕೆಯಿದೆ, ಬಾಯಿ ತುಂಬ ಎಂಜಲಿದೆ. ಸ್ವಲ್ಪ ಜಾಸ್ತಿ ಆದರೆ ಬಾಯಿ ಬೇಯುತ್ತದೆ, ಅದು ನಿಮಗೇ ಗೊತ್ತು. ಬಲ ಅಷ್ಟೇ ಇದೆ, ಪ್ರಮಾಣ ಕಡಿಮೆ. ಹೇಳುವಾಗ ನೆನಪಾಯಿತು. ಅಂಗಡಿಯಲ್ಲಿ ಸಿಗುವ ಸುಣ್ಣದ ಸಣ್ಣ ಪ್ಯಾಕೆಟ್ಟನ್ನು ಮಕ್ಕಳು ಆಟಕ್ಕೆ ಒತ್ತುತ್ತಾರೆ. ಅದು ಒಡೆದು ನೇರ ಕಣ್ಣಿಗೆ ಚಿಮ್ಮುತ್ತದೆ. ದಯವಿಟ್ಟು ನಿಮ್ಮ ಅಂಗಡಿಯಲ್ಲಿ ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಪಾವಗಡದ ಓದುಗ:

ಇಲ್ಲಿ ಆಮ್ಲದ ಪಟ್ಟಿ ಮಾಡುತ್ತಿದ್ದೀರಿ, ನಮ್ಮ ಬೋರ್‌ವೆಲ್ ನೀರಿನ ಆಮ್ಲವನ್ನು ಯಾಕೆ ಸೇರಿಸಿಲ್ಲ? ಪಾವಗಡದ ನೀರಲ್ಲಿ ಫ್ಲೋರೈಡ್ ಇದೆ ಅಂತ ಎಲ್ಲರಿಗೂ ಗೊತ್ತು. ಅಂದರೆ ಹೈಡ್ರೋಫ್ಲೋರಿಕ್ ಆಮ್ಲ ಕುಡಿಯುತ್ತಿದ್ದೇವೆ ಅಂತ ತಾನೇ? ಅದಕ್ಕೇ ಹಲ್ಲು ಕಂದು ಆಗುವುದು, ಆಮ್ಲ ಹಲ್ಲನ್ನು ತಿನ್ನುವುದರಿಂದ. ಅಡುಗೆ ಸೋಡಾ ಹಾಕಿ ಕುಡಿದರೆ ಮುರಿಯುತ್ತಾ?

ತುಮಕೂರಿನ ಲ್ಯಾಬ್ ಮೇಡಂ:

ಇಲ್ಲ ತಮ್ಮ, ಅದು ಆಮ್ಲವಲ್ಲ. ಫ್ಲೋರೈಡ್ ಒಂದು ಅಯಾನು, ಉಪ್ಪಿನಲ್ಲಿ ಕ್ಲೋರೈಡ್ ಇದ್ದ ಹಾಗೆ. ಉಪ್ಪು ತಿಂದರೆ ಹೈಡ್ರೋಕ್ಲೋರಿಕ್ ಆಮ್ಲ ತಿಂದಂತೆ ಅಲ್ಲವಲ್ಲ. ಇಂಥ ಬೋರ್‌ವೆಲ್ ನೀರಿನ ಪಿಎಚ್ ಸಾಮಾನ್ಯವಾಗಿ 7ರ ಮೇಲೇ ಇರುತ್ತದೆ. ಅಂಥ ನೀರಲ್ಲಿ ಫ್ಲೋರೈಡ್ ಸಾವಿರದಲ್ಲಿ ಒಂದರಷ್ಟೂ ಆಮ್ಲದ ರೂಪದಲ್ಲಿ ಇರುವುದಿಲ್ಲ. ಹಲ್ಲು ಕಂದಾಗುವುದು ಆಮ್ಲ ತಿಂದು ಅಲ್ಲ. ಮಗುವಿನ ಹಲ್ಲು ಬೆಳೆಯುವ ಕಾಲದಲ್ಲಿ ಫ್ಲೋರೈಡ್ ಜಾಸ್ತಿ ಹೋದರೆ ಹಲ್ಲಿನ ಹೊರಪದರವೇ ಸರಿಯಾಗಿ ಕಟ್ಟುವುದಿಲ್ಲ, ಅದರಿಂದ. ಅಡುಗೆ ಸೋಡಾ ಹಾಕಿದರೆ ಫ್ಲೋರೈಡ್ ಎಲ್ಲೂ ಹೋಗುವುದಿಲ್ಲ, ಸುಮ್ನೆ ಸೋಡಿಯಂ ಕುಡಿದ ಹಾಗಾಗುತ್ತದೆ. ಕುಡಿಯುವ ನೀರಿಗೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5 ಗಡಿ. ನಿಮ್ಮ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿ, ಜಾಸ್ತಿ ಬಂದರೆ ಕುಡಿಯಲು ಆರ್‌ಓ ನೀರು ತನ್ನಿ.

ಆದರೆ ನೀವು ಆ ಆಮ್ಲದ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಹೈಡ್ರೋಫ್ಲೋರಿಕ್ ಆಮ್ಲ ಪುಸ್ತಕದ ಪ್ರಕಾರ ದುರ್ಬಲ. ಆದರೂ ಅದು ಚರ್ಮದ ಮೂಲಕ ಇಳಿದು ಮೈಯೊಳಗಿನ ಕ್ಯಾಲ್ಸಿಯಂ ಕಟ್ಟಿಹಾಕಿ ಜೀವವನ್ನೇ ತೆಗೆಯಬಲ್ಲದು. ಮೇಷ್ಟ್ರೇ, ‘ದುರ್ಬಲ’ ಪಕ್ಕದಲ್ಲಿ ‘ಅಪಾಯವಿಲ್ಲ’ ಎಂದು ಬರೆಯುವ ಮೊದಲು ಇದನ್ನು ನೆನಪಿಡಿ. ಅಸಿಟಿಕ್ ಆಮ್ಲದ ಸಾಲನ್ನೂ ತಿದ್ದಬೇಕು. ವಿನೆಗರ್‌ನಲ್ಲಿ ಅದು 100ಕ್ಕೆ 5 ಭಾಗ. ಅದೇ ಆಮ್ಲ ಲ್ಯಾಬ್ ಬಾಟಲಿಯಲ್ಲಿ ನೀರಿಲ್ಲದೆ ಇದ್ದರೆ ಚರ್ಮದಲ್ಲಿ ಬೊಬ್ಬೆ ಬರಿಸುತ್ತದೆ. ಅಣು ಅದೇ, ಬಲ ಅದೇ, ಗಟ್ಟಿ ಬೇರೆ.

ಪಿಯು ಹುಡುಗಿ, ಚಿಂತಾಮಣಿ:

ಮೇಡಂ, ನನ್ನದೊಂದು ಪ್ರಶ್ನೆ. ದುರ್ಬಲ ಆಮ್ಲವನ್ನು ಮುರಿಯಲು ಕಡಿಮೆ ಪ್ರತ್ಯಾಮ್ಲ ಸಾಕು ಅಲ್ವಾ? ನಾನೇ ಮಾಡಿ ನೋಡಿದ್ದೇನೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 10 ಮಿ.ಲೀ. ತೆಗೆದುಕೊಂಡರೆ 0.1 ಮೋಲಾರ್ ಕಾಸ್ಟಿಕ್ ಸೋಡಾ 10 ಮಿ.ಲೀ. ಬೇಕಾಯಿತು. ಅಷ್ಟೇ ಸಾರದ ಅಸಿಟಿಕ್ ಆಮ್ಲ 10 ಮಿ.ಲೀ.ಗೆ ಸುಮಾರು 3 ಮಿ.ಲೀ.ಗೇ ಬಣ್ಣ ಬದಲಾಯಿತು. ದುರ್ಬಲ ಆದ್ದರಿಂದ ಬೇಗ ಮುಗಿಯಿತು ಅಂತ ರೆಕಾರ್ಡಲ್ಲಿ ಬರೆದೆ.

ಶಿಡ್ಲಘಟ್ಟದ ಮೇಷ್ಟ್ರು:

ಇದಕ್ಕೆ ನಾನು ಉತ್ತರ ಕೊಡಬಲ್ಲೆ ಅನಿಸುತ್ತದೆ. ಪುಟ್ಟಿ, ಯಾವ ಸೂಚಕ ಹಾಕಿದೆ? ಮೀಥೈಲ್ ಆರೆಂಜಾ?

ಪಿಯು ಹುಡುಗಿ, ಚಿಂತಾಮಣಿ:

ಹೌದು ಸರ್! ಫಿನಾಫ್ತಲೀನ್ ಬಾಟಲಿ ಖಾಲಿಯಾಗಿತ್ತು. ಬಣ್ಣ ಒಂದೇ ಸಲ ತಿರುಗಲಿಲ್ಲ, ಕೆಂಪಿನಿಂದ ಕಿತ್ತಳೆಗೆ, ಆಮೇಲೆ ಹಳದಿಗೆ ಮೆಲ್ಲಗೆ ಹೋಯಿತು. ಪೂರ್ತಿ ಹಳದಿ ಆದಾಗ 3 ಮಿ.ಲೀ. ಅಂತ ಓದಿಕೊಂಡೆ.

ಶಿಡ್ಲಘಟ್ಟದ ಮೇಷ್ಟ್ರು:

ಮೆಲ್ಲಗೆ ಹೋಯಿತು ಅಂದೆಯಲ್ಲ, ಅದರಲ್ಲೇ ಉತ್ತರವಿದೆ. ಮೀಥೈಲ್ ಆರೆಂಜ್ ಹಳದಿಯಾಗುವುದು ಪಿಎಚ್ 4.4ರ ಹತ್ತಿರ. ಅಸಿಟಿಕ್ ಆಮ್ಲ ಹೆಚ್ಚುಕಡಿಮೆ 2.9ರಿಂದ ಶುರುವಾಗುತ್ತದೆ. ಮೂರರಲ್ಲಿ ಒಂದು ಭಾಗ ಆಮ್ಲ ಮುಗಿಯುವಷ್ಟರಲ್ಲೇ ಅದು 4.4 ಮುಟ್ಟುತ್ತದೆ. ಬಣ್ಣ ಬದಲಾಯಿತು, ಆಮ್ಲ ಮುಗಿದಿರಲಿಲ್ಲ. ಸೂಚಕ ನಿನಗೆ ತಪ್ಪು ಜಾಗದಲ್ಲಿ ಗಂಟೆ ಹೊಡೆಯಿತು. ಫಿನಾಫ್ತಲೀನ್ ಆಗಿದ್ದರೆ 8ರ ಮೇಲೆ ತೆಳು ಗುಲಾಬಿಯಾಗುತ್ತಿತ್ತು, ಆಗ ನಿನಗೂ 10 ಮಿ.ಲೀ.ಯೇ ಬರುತ್ತಿತ್ತು. ಒಂದೇ ಹನಿಯಲ್ಲಿ ಬಣ್ಣ ತಿರುಗದೆ ಹೀಗೆ ಎಳೆಯುತ್ತಾ ಹೋದರೆ ಸೂಚಕ ಹೊಂದಿಕೊಂಡಿಲ್ಲ ಅಂತ ತಿಳಿ.

ಇವತ್ತು ಸಂಜೆ ಲ್ಯಾಬ್‌ನಲ್ಲಿ ಮಾಡಿಯೇ ನೋಡಿದೆ. ಅಂಗಡಿ ವಿನೆಗರ್ 100ಕ್ಕೆ 5 ಭಾಗದ್ದು, ಅಂದರೆ ಸುಮಾರು 0.83 ಮೋಲಾರ್. 12 ಮಿ.ಲೀ. ತೆಗೆದು ನೀರು ಸೇರಿಸಿ 100 ಮಿ.ಲೀ. ಮಾಡಿದರೆ 0.1ರ ಹತ್ತಿರ ಬರುತ್ತದೆ. ಅದರಲ್ಲಿ 10 ಮಿ.ಲೀ.ಗೆ ಫಿನಾಫ್ತಲೀನ್ ಹಾಕಿ ಬ್ಯೂರೆಟ್ ಬಿಟ್ಟೆ. 9.8ಕ್ಕೆ ಗುಲಾಬಿ ಬಂತು.

0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ನೂರು ಅಣುಗಳಲ್ಲಿ ಒಂದೆರಡು ಮಾತ್ರ ಒಡೆದಿರುತ್ತವೆ. ಕಾಸ್ಟಿಕ್ ಬಂದು ಅವನ್ನು ತೆಗೆದುಕೊಂಡ ತಕ್ಷಣ ಇನ್ನಷ್ಟು ಒಡೆಯುತ್ತವೆ. ಹೀಗೆ ಕೊನೆಯ ಅಣುವಿನ ತನಕ. ಆದ್ದರಿಂದ ದುರ್ಬಲ ಆಮ್ಲ ಚೆಲ್ಲಿದರೆ ಅದನ್ನು ಮುರಿಯಲು ಬೇಕಾದ ಸೋಡಾ ಕಡಿಮೆಯೇನಲ್ಲ. ಇದನ್ನು ಪಟ್ಟಿಯ ಕೆಳಗೆ ಬರೆಯುತ್ತೇನೆ. ರೆಕಾರ್ಡ್ ತಿದ್ದಿಬಿಡು ಪುಟ್ಟಿ.

ಹುಳು ಸಾಕುವವ, ಚಿಕ್ಕಬಳ್ಳಾಪುರ ಜಿಲ್ಲೆ:

ಲೆಕ್ಕ ನನಗೆ ಅಷ್ಟು ಅರ್ಥವಾಗಲಿಲ್ಲ, ಆದರೆ ಸುಣ್ಣದ ಬಗ್ಗೆ ಇನ್ನೊಂದು ಕೇಳಬೇಕು. ಬೆಳೆ ಮುಗಿದ ಮೇಲೆ ಹುಳದ ಮನೆ ತೊಳೆಯಲು ಬ್ಲೀಚಿಂಗ್ ಪೌಡರ್ ಜೊತೆ ಸುಣ್ಣ ಸೇರಿಸಿ ಹೊಡೆಯಲು ಹೇಳುತ್ತಾರೆ. 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್, 300 ಗ್ರಾಂ ಸುಣ್ಣ. ನಮ್ಮ ಪಕ್ಕದವರು ಉಳಿದ ಆ ನೀರನ್ನು ಬಚ್ಚಲಿಗೆ ಚೆಲ್ಲಿ, ಮೇಲೆ ಬಾತ್‌ರೂಮ್ ಆಸಿಡ್ ಹಾಕಿ ಉಜ್ಜಿದರು. ಹಸಿರು ಬೆರೆತ ಹಳದಿ ಹೊಗೆ ಬಂತು. ಅತ್ತಿಗೆ ಕೆಮ್ಮುತ್ತಾ ಹೊರಗೆ ಓಡಿ ಬಂದರು, ರಾತ್ರಿಯೆಲ್ಲ ಎದೆ ಹಿಡಿದುಕೊಂಡಿತ್ತು. ಸುಣ್ಣ ಸೇರಿದ್ದರೂ ಯಾಕೆ ಹಾಗಾಯಿತು?

ತುಮಕೂರಿನ ಲ್ಯಾಬ್ ಮೇಡಂ:

ಅದು ಕ್ಲೋರಿನ್ ಅನಿಲ. ಬ್ಲೀಚಿಂಗ್ ನೀರು ಪ್ರತ್ಯಾಮ್ಲವಾಗಿ ಇರುವವರೆಗೆ ಕ್ಲೋರಿನ್ ಅದರೊಳಗೆ ಬೇರೆ ರೂಪದಲ್ಲಿ ಕಟ್ಟಿಹಾಕಿಕೊಂಡು ಇರುತ್ತದೆ. ನೀವು ಹಾಕುವ 300 ಗ್ರಾಂ ಸುಣ್ಣ ಅದನ್ನು ಹಿಡಿದಿಡಲು ನೆರವಾಗುತ್ತದೆ. ಆಸಿಡ್ ಬಿದ್ದ ಕೂಡಲೇ ಮೊದಲು ಆ ಸುಣ್ಣ ಮುಗಿಯುತ್ತದೆ, ಆಮೇಲೆ ಕಟ್ಟು ಬಿಚ್ಚಿ ಕ್ಲೋರಿನ್ ಎದ್ದುಬಿಡುತ್ತದೆ. ಸಮೀಕರಣ ಬೇಕಾದವರಿಗೆ:

```
Ca(OCl)₂ + 4HCl → CaCl₂ + 2Cl₂ + 2H₂O
```

ಆಸಿಡ್ ಪ್ರಬಲವೇ ಆಗಬೇಕಿಲ್ಲ. ವಿನೆಗರ್, ನಿಂಬೆ ಉಪ್ಪು ಕೂಡ ಇದನ್ನು ಮಾಡುತ್ತವೆ. ಹಾಗಾದಾಗ ಅದನ್ನು ತೊಳೆಯಲು ನಿಲ್ಲಬಾರದು. ಎಲ್ಲರೂ ಹೊರಗೆ ಬಂದು, ಗಾಳಿ ಎತ್ತಲಿಂದ ಬೀಸುತ್ತದೋ ಆ ಕಡೆಗೆ ಹೋಗಿ ದೂರ ನಿಲ್ಲಬೇಕು. ಈ ಅನಿಲ ಗಾಳಿಗಿಂತ ಭಾರ, ಬಚ್ಚಲಂಥ ತಗ್ಗಿನಲ್ಲೇ ಕೂತಿರುತ್ತದೆ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗಲೇಬೇಕು. ಕೆಲವರಿಗೆ ಕೆಲವು ಗಂಟೆ ಬಿಟ್ಟು ಜಾಸ್ತಿಯಾಗುತ್ತದೆ. ಅತ್ತಿಗೆಗೆ ಈಗ ಹೇಗಿದೆ?

ಇನ್ನೊಂದು ಮಾತು. ಸುಣ್ಣದ ಚೀಲ ಬಾಯಿ ಬಿಚ್ಚಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಸೀಮೆಸುಣ್ಣದ ಹಾಗೆ ಆಗುತ್ತದೆ, ಶಕ್ತಿ ಹೋಗುತ್ತದೆ. ಒಂದು ಚಮಚ ಸುಣ್ಣಕ್ಕೆ ನೀರು ಕಲಸಿ ವಿನೆಗರ್ ಹಾಕಿ ನೋಡಿ. ಜೋರಾಗಿ ನೊರೆ ಉಕ್ಕಿದರೆ ಹಳೆಯದು. ನೊರೆ ಬಾರದೆ ಕರಗಿದರೆ ಇನ್ನೂ ಚೆನ್ನಾಗಿದೆ. ಇದನ್ನು ಬ್ಲೀಚಿಂಗ್ ಬೆರೆತ ಸುಣ್ಣದಲ್ಲಿ ಮಾಡಬೇಡಿ, ಬೇರೆ ಲೋಟದಲ್ಲಿ ಮಾಡಿ.

ಹುಳು ಸಾಕುವವ, ಚಿಕ್ಕಬಳ್ಳಾಪುರ ಜಿಲ್ಲೆ:

ಅತ್ತಿಗೆ ಹುಷಾರಾಗಿದ್ದಾರೆ ಮೇಡಂ. ಈಗಷ್ಟೇ ನನ್ನ ಚೀಲದ ಸುಣ್ಣ ನೋಡಿದೆ. ಚೆನ್ನಾಗಿ ನೊರೆ ಬಂತು. ಹೋದ ಬೆಳೆಗೂ ಇದನ್ನೇ ಉದುರಿಸಿದ್ದೆ.

ಮುಳಬಾಗಿಲು ಬಣ್ಣದಂಗಡಿ:

ಅಂಗಡಿಯಲ್ಲಿ ಬ್ಲೀಚಿಂಗ್ ಚೀಲವನ್ನೂ ಆಸಿಡ್ ಬಾಟಲಿಯನ್ನೂ ಒಂದೇ ಹಲಗೆಯ ಮೇಲೆ ಇಟ್ಟಿದ್ದೆ. ಈಗ ತಾನೇ ಬೇರೆ ಮಾಡಿದೆ.

ಶಿಡ್ಲಘಟ್ಟದ ಮೇಷ್ಟ್ರು:

ತಿದ್ದಿದ ಸಾಲುಗಳು ಇವು. ‘ಬಲ’ದ ಪಕ್ಕ ‘ಕೈಗೆ ಸಿಗುವ ರೂಪ’ ಅಂತ ಇನ್ನೊಂದು ಕಾಲಂ ಹಾಕಿದ್ದೇನೆ. ‘ಅಪಾಯವಿಲ್ಲ’ ಎಂಬುದನ್ನು ಎಲ್ಲ ಕಡೆಯಿಂದಲೂ ತೆಗೆದೆ.

| ಹೆಸರು | ಬಲ | ಕೈಗೆ ಸಿಗುವ ರೂಪ | ಎಚ್ಚರಿಕೆ |
|---|---|---|---|
| ಹೈಡ್ರೋಕ್ಲೋರಿಕ್ ಆಮ್ಲ | ಪ್ರಬಲ | ಬಾಟಲಿಯಿಂದ ಬಾಟಲಿಗೆ ಗಟ್ಟಿ ಬೇರೆ, ಚೀಟಿ ಓದಿ | ಬ್ಲೀಚಿಂಗ್ ಹತ್ತಿರ ತರಲೇಬಾರದು |
| ಅಸಿಟಿಕ್ ಆಮ್ಲ | ದುರ್ಬಲ | ವಿನೆಗರ್ 100ಕ್ಕೆ 5, ಲ್ಯಾಬ್ ಬಾಟಲಿ ಪೂರ್ತಿ ಆಮ್ಲ | ಲ್ಯಾಬ್‌ನದು ಚರ್ಮ ಸುಡುತ್ತದೆ |
| ಸುಣ್ಣ | ಪ್ರಬಲ, ಆದರೆ ಕಡಿಮೆ ಕರಗುತ್ತದೆ | ಪುಡಿ, ಹಸಿ ಸುಣ್ಣ, ಪ್ಯಾಕೆಟ್ | ಕನ್ನಡಕ ಹಾಕಿ. ಕಣ್ಣಿಗೆ ಬಿದ್ದರೆ ಬರೀ ನೀರು, ಅರ್ಧ ಗಂಟೆ, ಆಮೇಲೆ ಡಾಕ್ಟರು |
| ಅಮೋನಿಯಾ | ದುರ್ಬಲ | ನೀರಲ್ಲಿ ಕರಗಿದ ಅನಿಲ | ಮುಚ್ಚಿದ ಕೋಣೆಯಲ್ಲಿ ತೆರೆಯಬಾರದು. ಬ್ಲೀಚಿಂಗ್ ಜೊತೆ ಬೇಡ |

ಬ್ಲೀಚಿಂಗ್ ಪೌಡರನ್ನೂ ಒಂದು ಸಾಲಾಗಿ ಸೇರಿಸಬೇಕೆಂದಿದ್ದೇನೆ. ಅದನ್ನು ಪ್ರತ್ಯಾಮ್ಲ ಅನ್ನಬಹುದಾ? ಸೂತ್ರ ಏನು ಬರೆಯಲಿ? ಕೆಲವು ಪುಸ್ತಕದಲ್ಲಿ CaOCl₂ ಇದೆ, ಮೇಡಂ ಮೇಲೆ Ca(OCl)₂ ಬರೆದಿದ್ದಾರೆ.

ತುಮಕೂರಿನ ಲ್ಯಾಬ್ ಮೇಡಂ:

ಮೇಷ್ಟ್ರೇ, ಚೀಲದೊಳಗಿನದು ಒಂದೇ ವಸ್ತುವಲ್ಲ. ಹೈಪೋಕ್ಲೋರೈಟ್, ಕ್ಲೋರೈಡ್, ಉಳಿದ ಸುಣ್ಣ ಎಲ್ಲ ಬೆರೆತದ್ದು. CaOCl₂ ಅದನ್ನು ಒಟ್ಟಾಗಿ ತೋರಿಸುವ ಹಳೆಯ ರೂಢಿ. ಕೆಲಸ ಮಾಡುವ ಭಾಗ ಹೈಪೋಕ್ಲೋರೈಟ್ ಆದ್ದರಿಂದ ನಾನು Ca(OCl)₂ ಬರೆದೆ. ನನ್ನ ಕೇಳಿದರೆ ಅದನ್ನು ಆಮ್ಲ–ಪ್ರತ್ಯಾಮ್ಲದ ಪಟ್ಟಿಯೊಳಗೆ ಸೇರಿಸಬೇಡಿ, ಕೆಳಗೆ ಬೇರೆ ಪೆಟ್ಟಿಗೆ ಮಾಡಿ.

ಪಿಯು ಹುಡುಗಿ, ಚಿಂತಾಮಣಿ:

ಆದರೆ ಸರ್, ನಾವು ಓದಿದ ಪುಸ್ತಕದಲ್ಲಿ CaOCl₂ ಅಂತಲೇ ಇತ್ತು. ಚಾರ್ಟಲ್ಲಿ ಬೇರೆ ಇದ್ದರೆ ಹತ್ತನೇ ಕ್ಲಾಸಿನವರು ತಬ್ಬಿಬ್ಬಾಗುತ್ತಾರೆ.

ಶಿಡ್ಲಘಟ್ಟದ ಮೇಷ್ಟ್ರು:

ಅದೂ ನಿಜ ಪುಟ್ಟಿ. ಸದ್ಯಕ್ಕೆ ಆ ಪೆಟ್ಟಿಗೆಯಲ್ಲಿ ಸೂತ್ರದ ಜಾಗ ಖಾಲಿ ಬಿಡುತ್ತೇನೆ. ಸುಣ್ಣದ ಸಾಲನ್ನು ನಾಳೆ ಬೆಳಿಗ್ಗೆ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಆ ಹುಡುಗನ ಕೈಯಲ್ಲೇ ಗೋಡೆಗೆ ಅಂಟಿಸುತ್ತೇನೆ.